ಮೂವರು ಡಾಕ್ಟರು, ಯಾರೂ ಕೂಡಿಸದ ಲೆಕ್ಕ

ಪುಣೆಯ ಖರಾಡಿಯಲ್ಲಿ ಸಂಜೆ ಯಾವ ದೊಡ್ಡ ಸೊಸೈಟಿಯ ಅಂಗಳಕ್ಕೆ ಹೋದರೂ ಬೆಂಚಿನ ಮೇಲೆ ಕನ್ನಡ ಕಿವಿಗೆ ಬೀಳುವುದು ಅಪರೂಪವೇನಲ್ಲ. ಮಕ್ಕಳಿಗೆ ಇಲ್ಲಿನ ಐಟಿ ಪಾರ್ಕುಗಳಲ್ಲಿ ನೌಕರಿ. ಊರಲ್ಲಿ ಒಬ್ಬರೇ ಉಳಿದ ತಂದೆ ಅಥವಾ ತಾಯಿ ವಿಜಯಪುರದಿಂದಲೋ ಧಾರವಾಡದಿಂದಲೋ ಬೆಳಗಾವಿಯಿಂದಲೋ ಮಗನ ಮನೆಗೆ ಬಂದಿರುತ್ತಾರೆ. ಅವರ ಸಾಮಾನಿನ ಜೊತೆ ಒಂದು ಗುಳಿಗೆ ಡಬ್ಬಿಯೂ ಬರುತ್ತದೆ. ವರ್ಷಗಟ್ಟಲೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದವರಾದರೆ ಅದರಲ್ಲಿ ಊರಿನ ಮನೋವೈದ್ಯರು ಬರೆದ ಗುಳಿಗೆಗಳು ಇರುತ್ತವೆ. ಪುಣೆಗೆ ಬಂದ ಮೇಲೆ ಮೂತ್ರದ ತೊಂದರೆಗೆ ಇಲ್ಲಿನ ತಜ್ಞರು ಬರೆದದ್ದು ಸೇರುತ್ತದೆ. ನೆಗಡಿಯಾದಾಗ ಮೂಲೆಯ ಮೆಡಿಕಲ್‌ನಿಂದ ತಂದದ್ದೂ ಸೇರುತ್ತದೆ. ಮೂರು ಅಂಗಡಿಯಲ್ಲಿ ಉದ್ರಿ ಬರೆಸಿದ ಮನೆಯ ಹಾಗೆ, ಪ್ರತಿಯೊಬ್ಬರ ಪುಸ್ತಕದಲ್ಲೂ ಬಾಕಿ ಸಣ್ಣದೇ. ಒಟ್ಟು ಎಷ್ಟಾಯಿತೆಂದು ಯಾರಿಗೂ ಗೊತ್ತಿಲ್ಲ.

ಈ ಬಾಕಿಗೆ ವೈದ್ಯರು ಇಟ್ಟಿರುವ ಹೆಸರು ಆ್ಯಂಟಿಕೋಲಿನರ್ಜಿಕ್ ಹೊರೆ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ನಮ್ಮ ನರಗಳು ಸಂದೇಶ ದಾಟಿಸಲು ಬಳಸುವ ವಸ್ತು. ಮಿದುಳಿನಲ್ಲಿ ಅದು ನೆನಪಿಗೆ, ಗಮನಕ್ಕೆ ಬೇಕು. ಬಾಯಲ್ಲಿ ಜೊಲ್ಲು ಬರಲು, ಕರುಳು ಚಲಿಸಲು, ಮೂತ್ರಕೋಶ ಹಿಂಡಿಕೊಳ್ಳಲು, ಕಣ್ಣು ಹತ್ತಿರದ ಅಕ್ಷರದ ಮೇಲೆ ನಿಲ್ಲಲು ಕೂಡ ಅದೇ ಬೇಕು. ಇದರ ಕೆಲಸಕ್ಕೆ ಅಡ್ಡ ನಿಲ್ಲುವ ಔಷಧಿಗಳು ಬಹಳ. ಕೆಲವನ್ನು ಅಡ್ಡ ನಿಲ್ಲಲೆಂದೇ ಕೊಡುತ್ತಾರೆ. ಇನ್ನು ಕೆಲವು ಬೇರೆ ಕೆಲಸಕ್ಕೆ ಬಂದು ಇದನ್ನೂ ಮಾಡುತ್ತವೆ. ವಯಸ್ಸಾದಂತೆ ಮಿದುಳಿನಲ್ಲಿ ಈ ರಾಸಾಯನಿಕದ ದಾಸ್ತಾನು ಇಳಿಯುತ್ತದೆ, ಯಕೃತ್ತು ಮತ್ತು ಮೂತ್ರಪಿಂಡ ಔಷಧಿಯನ್ನು ಹೊರಹಾಕುವುದು ನಿಧಾನವಾಗುತ್ತದೆ. ಹಾಗಾಗಿ ನಲವತ್ತರಲ್ಲಿ ಬಾಯಿ ಒಣಗಿಸಿ ಸುಮ್ಮನಿದ್ದ ಗುಳಿಗೆ ಎಪ್ಪತ್ತರಲ್ಲಿ ದಾರಿ ಮರೆಸಬಹುದು.

ಒಂದು ಮಾದರಿ ಡಬ್ಬಿಯನ್ನು ಬಿಚ್ಚೋಣ. ಇದು ಯಾವುದೇ ಒಬ್ಬ ರೋಗಿಯದಲ್ಲ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಗುಳಿಗೆಗಳನ್ನು ಒಟ್ಟಿಗಿಟ್ಟು ಮಾಡಿಕೊಂಡ ಉದಾಹರಣೆ. ವಿಜಯಪುರ ಜಿಲ್ಲೆಯ ನಿವೃತ್ತ ಶಿಕ್ಷಕಿ, ವಯಸ್ಸು 71. ನಲವತ್ತರ ಆಸುಪಾಸಿನಲ್ಲಿ ಸ್ಕಿಜೋಫ್ರೇನಿಯಾ ಬಂದಿತ್ತು. ಔಷಧಿಯಿಂದ ಹತೋಟಿಗೆ ಬಂದು, ನೌಕರಿ ಮುಗಿಸಿ, ಈಗ ಮಗನ ಮನೆಯಲ್ಲಿದ್ದಾರೆ. ಆರು ತಿಂಗಳಿಂದ ಮರೆವು. ಲಿಫ್ಟಿನಿಂದ ಇಳಿದು ಬೇರೆ ಮಹಡಿಯ ಬಾಗಿಲು ತಟ್ಟುತ್ತಾರೆ. ವಾರಕ್ಕೆ ಎರಡೇ ಸಲ ಮಲವಿಸರ್ಜನೆ. ಬಾಯಿ ಒಣಗಿ ಹಲ್ಲಿನ ಸೆಟ್ ನಿಲ್ಲುವುದಿಲ್ಲ. “ಅವ್ವಗ ಡಿಮೆನ್ಶಿಯಾ ಶುರು ಆಗೈತಿ” ಎಂದು ಮನೆಯವರು ತೀರ್ಮಾನಿಸಿಬಿಟ್ಟಿದ್ದಾರೆ.

ಡಬ್ಬಿಯಲ್ಲಿ ಇರುವುದು ಇಷ್ಟು: ರಿಸ್ಪೆರಿಡೋನ್ 2 ಮಿಲಿಗ್ರಾಂ ಮತ್ತು ಟ್ರೈಹೆಕ್ಸಿಫೆನಿಡಿಲ್ 2 ಮಿಲಿಗ್ರಾಂ ಸೇರಿರುವ ಒಂದೇ ಗುಳಿಗೆ, ದಿನಕ್ಕೆ ಎರಡು ಸಲ. ನಿದ್ದೆಗೆ, ಮೈಕೈ ನೋವಿಗೆ ಮತ್ತೊಬ್ಬ ಡಾಕ್ಟರು ಬರೆದ ಅಮಿಟ್ರಿಪ್ಟಿಲಿನ್ 25 ಮಿಲಿಗ್ರಾಂ, ರಾತ್ರಿ. ಅವಸರದ ಮೂತ್ರಕ್ಕೆ ಸೋಲಿಫೆನಾಸಿನ್ 5 ಮಿಲಿಗ್ರಾಂ. ಬಿಪಿಗೆ ಅಮ್ಲೋಡಿಪಿನ್. ಜೊತೆಗೆ ಚಳಿಗಾಲದಲ್ಲಿ ನೆಗಡಿಯ ಗುಳಿಗೆ, ಅದರೊಳಗೆ ಕ್ಲೋರ್‌ಫೆನಿರಮಿನ್.

ಕೂಡಿಸುವುದು ಹೇಗೆ

ಲೆಕ್ಕಕ್ಕೆ ಹಲವು ಕೋಷ್ಟಕಗಳಿವೆ. ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಇಂಡಿಯಾನಾದಲ್ಲಿ ಮಲಾಜ್ ಬುಸ್ತಾನಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿ, 2012ರಲ್ಲಿ ಪರಿಷ್ಕರಿಸಿದ ಎಸಿಬಿ ಕೋಷ್ಟಕ. ಅದರಲ್ಲಿ ಪ್ರತಿ ಔಷಧಿಗೆ 1, 2 ಅಥವಾ 3 ಅಂಕ. ಪಟ್ಟಿಯಲ್ಲಿ ಇಲ್ಲದ್ದಕ್ಕೆ 0. ಪ್ರಯೋಗಾಲಯದಲ್ಲಷ್ಟೇ ಈ ಗುಣ ಕಂಡಿದ್ದರೆ 1, ರೋಗಿಗಳಲ್ಲಿ ಪರಿಣಾಮ ಸ್ಪಷ್ಟವಾಗಿದ್ದರೆ 2 ಅಥವಾ 3. ರೋಗಿ ನುಂಗುವ ಎಲ್ಲ ಔಷಧಿಗಳ ಅಂಕ ಕೂಡಿಸಬೇಕು. ಮೊತ್ತ 3 ಅಥವಾ ಹೆಚ್ಚಾದರೆ ಚೀಟಿಯನ್ನು ಮರುಪರಿಶೀಲಿಸಬೇಕೆಂದು ಅರ್ಥ.

ನಮ್ಮ ಶಿಕ್ಷಕಿಯ ಲೆಕ್ಕ ಹೀಗೆ: ರಿಸ್ಪೆರಿಡೋನ್ 1, ಟ್ರೈಹೆಕ್ಸಿಫೆನಿಡಿಲ್ 3, ಅಮಿಟ್ರಿಪ್ಟಿಲಿನ್ 3, ಸೋಲಿಫೆನಾಸಿನ್ 3, ಅಮ್ಲೋಡಿಪಿನ್ 0.

1 + 3 + 3 + 3 + 0 = 10

ನೆಗಡಿ ಬಂದ ವಾರ ಕ್ಲೋರ್‌ಫೆನಿರಮಿನ್‌ನ 3 ಸೇರಿ 13. ಯಾವ ವೈದ್ಯರೂ 13 ಅಂಕದ ಚೀಟಿ ಬರೆದಿಲ್ಲ. ಒಬ್ಬರು 4, ಇನ್ನೊಬ್ಬರು 3, ಮತ್ತೊಬ್ಬರು 3, ಅಂಗಡಿಯವರು 3.

ಈ ಸಂಖ್ಯೆಯ ಮಿತಿಯೂ ಗೊತ್ತಿರಬೇಕು. ಎಸಿಬಿ ಕೋಷ್ಟಕ ಪ್ರಮಾಣವನ್ನು ನೋಡುವುದಿಲ್ಲ. ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ತಗೊಂಡರೂ 3, 75 ತಗೊಂಡರೂ 3. ಕೋಷ್ಟಕ ಬದಲಾದರೆ ಅಂಕವೂ ಬದಲಾಗುತ್ತದೆ. ಲಂಡನ್ನಿನ ತಜ್ಞರು ಮಾಡಿದ ಎಇಸಿ ಎಂಬ ಇನ್ನೊಂದು ಕೋಷ್ಟಕ ಮಿದುಳಿನ ಮೇಲಿನ ಪರಿಣಾಮವನ್ನೇ ಮುಖ್ಯವಾಗಿ ಗಮನಿಸುತ್ತದೆ. ಅದರಲ್ಲಿ ರಿಸ್ಪೆರಿಡೋನ್‌ಗೆ 0, ಕ್ವೆಟಿಯಾಪಿನ್‌ಗೆ 2. ಎಸಿಬಿಯಲ್ಲಿ ಅವಕ್ಕೆ 1 ಮತ್ತು 3. ಆದ್ದರಿಂದ ಮೊದಲ ದಿನ ಯಾವ ಕೋಷ್ಟಕ ಹಿಡಿದಿರೋ ಕೊನೆಯವರೆಗೂ ಅದನ್ನೇ ಹಿಡಿಯಬೇಕು. ಅಂಕ ಕಡಿಮೆ ಎಂದ ಮಾತ್ರಕ್ಕೆ ಔಷಧಿ ನಿರಪಾಯವೂ ಅಲ್ಲ. ಆಲ್ಪ್ರಜೋಲಾಮ್‌ಗೆ ಎಸಿಬಿಯಲ್ಲಿ ಒಂದೇ ಅಂಕ. ಆದರೆ ಬಾತ್‌ರೂಮಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಸುವುದರಲ್ಲಿ ಅದು ಹಿಂದೆ ಬಿದ್ದಿಲ್ಲ. ಅಮಿಟ್ರಿಪ್ಟಿಲಿನ್ ತೆಗೆದು ಆ ಜಾಗಕ್ಕೆ ಅದನ್ನು ತಂದರೆ ಕಾಗದದ ಮೇಲೆ ಲಾಭ, ಮನೆಯಲ್ಲಿ ನಷ್ಟ.

ಹೊರೆ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಅಧ್ಯಯನಗಳಿವೆ. ಬ್ರಿಟನ್ನಿನಲ್ಲಿ 65 ದಾಟಿದ 13,000ಕ್ಕೂ ಹೆಚ್ಚು ಜನರನ್ನು ಎರಡು ವರ್ಷ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಸಿಬಿ ಮೊತ್ತ ಹೆಚ್ಚಿದ್ದವರಲ್ಲಿ ನೆನಪಿನ ಅಂಕ ಹೆಚ್ಚು ಇಳಿದಿತ್ತು, ಸಾವಿನ ಸಂಭವವೂ ಏರಿತ್ತು. ಅಮೆರಿಕದ ಸಿಯಾಟಲ್‌ನಲ್ಲಿ ನಡೆದು 2015ರಲ್ಲಿ ಬಂದ ಅಧ್ಯಯನದಲ್ಲಿ ಇಂಥ ಪ್ರಬಲ ಔಷಧಿಗಳನ್ನು ದಿನನಿತ್ಯದ ಪ್ರಮಾಣದಲ್ಲಿ ಒಟ್ಟು ಮೂರು ವರ್ಷಕ್ಕೂ ಹೆಚ್ಚು ಸೇವಿಸಿದವರಲ್ಲಿ ಡಿಮೆನ್ಶಿಯಾದ ಅಪಾಯ, ಸೇವಿಸದವರಿಗಿಂತ ಸುಮಾರು ಒಂದೂವರೆ ಪಟ್ಟು ಕಂಡಿತು. ಇವು ಒಟ್ಟೊಟ್ಟಿಗೆ ಕಂಡ ಸಂಬಂಧಗಳು. ಔಷಧಿಯೇ ಕಾರಣ ಎಂಬುದಕ್ಕೆ ಪೂರ್ಣ ಪುರಾವೆಯಲ್ಲ. ಆದರೆ ಗುಳಿಗೆಯಿಂದ ಬಂದ ಮಲಬದ್ಧತೆ, ಮಂಕು, ಗೊಂದಲ ಮಾತ್ರ ಊಹೆಯಲ್ಲ. ಗುಳಿಗೆ ಇಳಿಸಿದಾಗ ಅವು ಬಹುಮಟ್ಟಿಗೆ ಇಳಿಯುತ್ತವೆ. ಅದೇ ನಮಗೆ ಮುಖ್ಯ.

ಟ್ರೈಹೆಕ್ಸಿಫೆನಿಡಿಲ್ ಎಂಬ ಹಳೆಯ ನೆಂಟ

ಮನೋರೋಗದ ಚೀಟಿಯಲ್ಲಿ ಈ ಲೆಕ್ಕಕ್ಕೆ ಅತಿ ಹೆಚ್ಚು ಸೇರಿಸುವುದು ಟ್ರೈಹೆಕ್ಸಿಫೆನಿಡಿಲ್. ರೋಗಿಗಳ ಬಾಯಲ್ಲಿ ಅದು ‘ಪ್ಯಾಸಿಟೇನ್’. ಮನೋರೋಗದ ಔಷಧಿಯಿಂದ ಕೈ ನಡುಗಿದಾಗ, ಮೈ ಬಿಗಿದಾಗ ಕೊಡುವ ಗುಳಿಗೆ ಇದು. ನಮ್ಮಲ್ಲಿ ರಿಸ್ಪೆರಿಡೋನ್, ಟ್ರೈಫ್ಲುಪೆರಾಜಿನ್, ಹ್ಯಾಲೋಪೆರಿಡಾಲ್ ಜೊತೆ ಇದನ್ನು ಒಂದೇ ಗುಳಿಗೆಯಲ್ಲಿ ಬೆರೆಸಿ ಮಾರುತ್ತಾರೆ. ಹಾಗಾಗಿ ನಡುಕ ಬಂದಿರಲಿ ಬಿಡಲಿ, ಮೊದಲ ದಿನದಿಂದಲೇ ಹೊಟ್ಟೆ ಸೇರುತ್ತದೆ, ವರ್ಷಗಟ್ಟಲೆ ಮುಂದುವರಿಯುತ್ತದೆ. ಹೀಗೆ ಮುಂಜಾಗ್ರತೆಗೆಂದು ದೀರ್ಘಕಾಲ ಕೊಡುವುದು ಬೇಡ, ತೊಂದರೆ ನಿಜವಾಗಿ ಬಂದರೆ ಮಾತ್ರ ಕೊಡಿ ಎಂಬ ಸಲಹೆ ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ 1990ರಲ್ಲೇ ಬಂದಿತ್ತು. ನಡುಕ ಬಂದವರಲ್ಲೂ ಕೆಲವು ತಿಂಗಳ ಮೇಲೆ ಅದು ತಾನೇ ತಗ್ಗುವುದುಂಟು. ಆದ್ದರಿಂದ ಸುಮಾರು ಮೂರು ತಿಂಗಳಾದ ಮೇಲೆ ಇದು ಇನ್ನೂ ಬೇಕೇ ಎಂದು ಕೇಳಬೇಕು. ಹಳೆಯ ಔಷಧಿಗಳಿಂದ ಬಾಯಿ, ನಾಲಿಗೆ ತಾನಾಗಿ ಅಲ್ಲಾಡುವ ಟಾರ್ಡಿವ್ ಡಿಸ್ಕೈನೇಶಿಯಾ ಇದ್ದರಂತೂ ಈ ಗುಳಿಗೆ ಅದನ್ನು ಹೆಚ್ಚಿಸುತ್ತದೆ.

ಇಲ್ಲೇ ಎರಡು ಬಲೆಗಳಿವೆ. ಮೊದಲನೆಯದು, ಮರೆವಿಗೆ ಡೊನೆಪೆಜಿಲ್ ಕೊಡುವುದು. ಅದು ಅಸಿಟೈಲ್‌ಕೋಲಿನ್ ಹೆಚ್ಚಿಸುವ ಔಷಧಿ. ಒಂದು ಗುಳಿಗೆ ಏರಿಸಿದ್ದನ್ನು ಇನ್ನೊಂದು ಇಳಿಸುತ್ತದೆ. ಮೇಲಾಗಿ ಡೊನೆಪೆಜಿಲ್‌ನಿಂದ ಮೂತ್ರದ ಅವಸರ ಹೆಚ್ಚಬಹುದು. ಆಗ ಮೂತ್ರದ ಗುಳಿಗೆಯ ಪ್ರಮಾಣ ಏರುತ್ತದೆ, ಮರೆವು ಮತ್ತೂ ಏರುತ್ತದೆ.

ಎರಡನೆಯದು ಇನ್ನೂ ಅಪಾಯಕಾರಿ. ಹೊರೆ ಮಿತಿ ಮೀರಿದಾಗ ಸನ್ನಿ ಹಿಡಿಯಬಹುದು. ಹಿರಿಯರು ಹಾಸಿಗೆಯ ಮೇಲೆ ಇಲ್ಲದ ಹುಳ ಹೆಕ್ಕುತ್ತಾರೆ, ಗೋಡೆಯ ಮೇಲೆ ಜನ ಕಂಡಂತೆ ಮಾತಾಡುತ್ತಾರೆ. ಮನೆಯವರು ‘ಹಳೇ ಕಾಯಿಲೆ ಮತ್ತ ಬಂತು’ ಎಂದು ಊರಿಗೆ ಫೋನ್ ಮಾಡುತ್ತಾರೆ. ಫೋನಿನಲ್ಲೇ ಬೆರಕೆ ಗುಳಿಗೆ ಎರಡರಿಂದ ಮೂರಾಗುತ್ತದೆ, ಸನ್ನಿಗೆ ಕಾರಣವಾದದ್ದೇ ಹೆಚ್ಚಾಗುತ್ತದೆ. ವ್ಯತ್ಯಾಸ ಗುರುತಿಸಲು ದಾರಿಯಿದೆ. ಸ್ಕಿಜೋಫ್ರೇನಿಯಾ ಮರುಕಳಿಸಿದರೆ ಸಾಮಾನ್ಯವಾಗಿ ದಿನ-ವಾರಗಳಲ್ಲಿ ಹಳೆಯ ರೀತಿಯದೇ ಸಂಶಯ, ಕಿವಿಯಲ್ಲಿ ಧ್ವನಿ ಬರುತ್ತದೆ. ದಿನ, ಸ್ಥಳ, ಮನುಷ್ಯರ ಗುರುತು ಉಳಿದಿರುತ್ತದೆ. ಸನ್ನಿಯಾದರೆ ಗಂಟೆಗಳಲ್ಲಿ ಶುರುವಾಗಿ, ಸಂಜೆಗೆ ಹೆಚ್ಚಾಗಿ, ಬೆಳಿಗ್ಗೆ ಇಳಿದು, ಕಣ್ಣಿಗೆ ಕಾಣದ್ದು ಕಾಣುತ್ತದೆ, ಗಮನ ನಿಲ್ಲುವುದಿಲ್ಲ. ಒಣ ಬಾಯಿ, ಒಣ ಚರ್ಮ, ಅಗಲವಾದ ಕಣ್ಣುಪಾಪೆ, ವೇಗದ ನಾಡಿ ಜೊತೆಗಿದ್ದರೆ ಗುಳಿಗೆಯನ್ನೇ ಅನುಮಾನಿಸಬೇಕು. ಅದೇ ದಿನ ಆಸ್ಪತ್ರೆಗೆ ಕರೆದೊಯ್ದು, ಸೋಂಕು, ಸೋಡಿಯಂ, ಸಕ್ಕರೆ ಕೂಡ ನೋಡಿಸಬೇಕು.

ಇಳಿಸುವುದು ಹೇಗೆ

ಮೊದಲ ನಿಯಮ: ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಬಾರದು. ವರ್ಷಗಟ್ಟಲೆ ತಡೆದು ಹಿಡಿದ ಅಸಿಟೈಲ್‌ಕೋಲಿನ್ ವ್ಯವಸ್ಥೆ ತಡೆ ತೆಗೆದಾಗ ಉಕ್ಕುತ್ತದೆ. ವಾಕರಿಕೆ, ಭೇದಿ, ಬೆವರು, ನಿದ್ದೆಗೇಡು, ತಳಮಳ ಬರುತ್ತವೆ. ಇವನ್ನೇ ಕಾಯಿಲೆ ಮರುಕಳಿಸಿತೆಂದು ತಿಳಿಯುವುದುಂಟು. ಎರಡನೆಯ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಇಳಿಸಿದರೆ ತೊಂದರೆಯಾದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ. ಮೂರನೆಯದು: ಅಂಕ ಹೆಚ್ಚಿದ್ದೂ ಈಗ ಕಾರಣವಿಲ್ಲದ್ದು ಅಥವಾ ಸುಲಭ ಬದಲಿ ಇರುವುದು ಮೊದಲು ಹೋಗಲಿ. ಮನಸ್ಸಿನ ಕಾಯಿಲೆಯನ್ನು ಹಿಡಿದಿಟ್ಟ ಔಷಧಿ ಕೊನೆಗೆ.

ಶಿಕ್ಷಕಿಯ ಚೀಟಿಗೆ ಇದನ್ನು ಅನ್ವಯಿಸಿದರೆ ಸುಲಭದ್ದು ನೆಗಡಿ ಗುಳಿಗೆ. ಅದನ್ನು ಇಳಿಸುವ ಅಗತ್ಯವಿಲ್ಲ, ಸುಮ್ಮನೆ ಬಿಟ್ಟರಾಯಿತು. ಮೂಗಿಗೆ ಉಪ್ಪುನೀರಿನ ಹನಿ, ಜ್ವರವಿದ್ದರೆ ಬರೀ ಪ್ಯಾರಾಸಿಟಮಾಲ್. ಮೊತ್ತ 13ರಿಂದ 10.

ಮುಂದಿನದು ಸೋಲಿಫೆನಾಸಿನ್. ಮೊದಲು ಮೂತ್ರದಲ್ಲಿ ಸೋಂಕಿದೆಯೇ, ಮೂತ್ರ ಮಾಡಿದ ಮೇಲೆ ಕೋಶದಲ್ಲಿ ಎಷ್ಟು ಉಳಿಯುತ್ತದೆ ಎಂದು ಸ್ಕ್ಯಾನ್‌ನಲ್ಲಿ ನೋಡಿಸಬೇಕು. ಗಟ್ಟಿಯಾದ ಮಲ ಕೋಶವನ್ನು ಒತ್ತಿದರೂ ಅವಸರದ ಮೂತ್ರ ಬರುತ್ತದೆ. ಆಗ ಮಲಬದ್ಧತೆ ಸರಿಪಡಿಸಿದರೆ ಅರ್ಧ ಕೆಲಸ ಆದಂತೆ. ಗುಳಿಗೆ ಬೇಕೇ ಬೇಕಾದರೆ ಮಿರಾಬೆಗ್ರಾನ್ ಎಂಬುದಿದೆ. ಅದು ಅಸಿಟೈಲ್‌ಕೋಲಿನ್‌ನ ದಾರಿಗೆ ಬರುವುದಿಲ್ಲ. ಬಿಪಿ ಏರಿಸಬಹುದಾದ್ದರಿಂದ ಬಿಪಿ ಅಳೆಯುತ್ತಿರಬೇಕು. ಮೊತ್ತ 7.

ಮೂರು-ನಾಲ್ಕು ವಾರ ನೋಡಿ, ಅಮಿಟ್ರಿಪ್ಟಿಲಿನ್ 25ರಿಂದ 10ಕ್ಕೆ. ಮತ್ತೆರಡು ವಾರ ಬಿಟ್ಟು ನಿಲ್ಲಿಸುವುದು. ಈ ಗುಳಿಗೆ ಖಿನ್ನತೆಗೆಂದು ಕೊಟ್ಟದ್ದಾದರೆ ಈ ದಾರಿ ಸಲ್ಲದು. ಬೇರೆ ಔಷಧಿಯ ಆಸರೆ ಇಟ್ಟುಕೊಂಡೇ ಇಳಿಸಬೇಕು. ಮೊತ್ತ 4.

ಕೊನೆಗೆ ಟ್ರೈಹೆಕ್ಸಿಫೆನಿಡಿಲ್. ಇಲ್ಲಿ ಬೆರಕೆ ಗುಳಿಗೆ ಕಾಲಿಗೆ ತೊಡಕು, ಏಕೆಂದರೆ ಅದನ್ನು ಅರ್ಧ ಮಾಡಿದರೆ ಜೊತೆಯಲ್ಲಿ ರಿಸ್ಪೆರಿಡೋನ್ ಕೂಡ ಅರ್ಧವಾಗುತ್ತದೆ. ಆದ್ದರಿಂದ ಮನೋವೈದ್ಯರು ಮೊದಲು ಎರಡನ್ನೂ ಬೇರೆ ಬೇರೆ ಗುಳಿಗೆಯಾಗಿ, ಅದೇ ಪ್ರಮಾಣದಲ್ಲಿ ಬರೆದುಕೊಡಬೇಕು. ಆಮೇಲೆ ರಿಸ್ಪೆರಿಡೋನ್ ಹಾಗೇ ಇಟ್ಟು, ದಿನದ 4 ಮಿಲಿಗ್ರಾಂ ಟ್ರೈಹೆಕ್ಸಿಫೆನಿಡಿಲ್ ಅನ್ನು 3ಕ್ಕೆ, 2ಕ್ಕೆ, 1ಕ್ಕೆ, ಕೊನೆಗೆ ಸೊನ್ನೆಗೆ, ಪ್ರತಿ ಹಂತಕ್ಕೂ ಎರಡರಿಂದ ನಾಲ್ಕು ವಾರ ಕೊಟ್ಟು ಇಳಿಸಬಹುದು. 2 ಮಿಲಿಗ್ರಾಂ ಗುಳಿಗೆಯ ಅರ್ಧ ಭಾಗವೇ ಒಂದು ಹಂತ. ಮೊಣಕೈ ಬಿಗಿ, ಸಣ್ಣ ಹೆಜ್ಜೆ, ನುಂಗಲು ಕಷ್ಟ, ಮುಖದ ಭಾವ ಮರೆಯಾಗುವುದು ಕಂಡರೆ ಹಿಂದಿನ ಹಂತಕ್ಕೆ ಮರಳಿ ನಿಲ್ಲಬೇಕು. ಆಗ ರಿಸ್ಪೆರಿಡೋನ್ ಪ್ರಮಾಣವೇ ಈ ವಯಸ್ಸಿಗೆ ಹೆಚ್ಚಾಯಿತೇ ಎಂದು ವೈದ್ಯರು ಯೋಚಿಸುತ್ತಾರೆ. ಅದು ಪ್ರತ್ಯೇಕ ಹಂತ, ಪ್ರತ್ಯೇಕ ಎಚ್ಚರ. ಎಲ್ಲ ಸರಿಯಾಗಿ ಸಾಗಿದರೆ ಐದಾರು ತಿಂಗಳಲ್ಲಿ ಮೊತ್ತ 1.

ಆ 1 ಉಳಿಯಲಿ. ಮೂವತ್ತು ವರ್ಷ ಕಾಯಿಲೆಯನ್ನು ಹತೋಟಿಯಲ್ಲಿಟ್ಟ ಔಷಧಿಯನ್ನು ಒಂದು ಅಂಕಕ್ಕಾಗಿ ಕೆಣಕುವುದು ಜಾಣತನವಲ್ಲ. ನಡುಕ ಕಡಿಮೆ ಎಂದು ಅದನ್ನು ಕ್ವೆಟಿಯಾಪಿನ್‌ಗೆ ಬದಲಿಸಿದರೆ ಎಸಿಬಿ ಲೆಕ್ಕದಲ್ಲಿ 1 ಹೋಗಿ 3 ಬರುತ್ತದೆ. ಕ್ಲೋಜಪಿನ್ ಮಾತು ಇನ್ನೂ ಬೇರೆ. ಅದಕ್ಕೆ 3 ಅಂಕ, ಅದರ ಮಲಬದ್ಧತೆ ಪ್ರಾಣಕ್ಕೂ ಬರಬಹುದು. ಆದರೂ ಬೇರೇನೂ ಹಿಡಿಯದವರಿಗೆ ಕೊಡುವ ಔಷಧಿ ಅದು. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ತೀವ್ರವಾಗಿ ಮರಳುತ್ತದೆ. ಅಂಥವರಲ್ಲಿ ಕ್ಲೋಜಪಿನ್ ಮುಟ್ಟದೆ ಸುತ್ತಲಿನ ಬೇರೆ ಅಂಕಗಳನ್ನು ಇಳಿಸುವುದೇ ದಾರಿ.

ಗುಣ ಕಂಡಿತೆಂದು ತಿಳಿಯುವುದು ಹೇಗೆ

ಶುರು ಮಾಡುವ ಮೊದಲೇ ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎಷ್ಟು ಸಲ ಮಲವಿಸರ್ಜನೆ, ರಾತ್ರಿ ಎಷ್ಟು ಸಲ ಎದ್ದರು, ಎಷ್ಟು ಸಲ ದಾರಿ ಅಥವಾ ಹೆಸರು ತಪ್ಪಿದರು, ಬಿದ್ದರೋ, ನಿದ್ದೆ ಎಷ್ಟು. ಪ್ರತಿ ಹಂತದ ನಂತರ ಅದನ್ನೇ ಮತ್ತೆ ಬರೆಯಿರಿ. ಬಾಯಿ, ಹೊಟ್ಟೆ ದಿನಗಳಲ್ಲಿ ಸುಧಾರಿಸಬಹುದು; ನೆನಪಿಗೆ ವಾರ-ತಿಂಗಳು ಬೇಕು. ಹೊರೆ ಇಳಿದ ಮೇಲೂ ಮರೆವು ಉಳಿದರೆ ಆಗ ಡಿಮೆನ್ಶಿಯಾ ಪರೀಕ್ಷೆ ಅರ್ಥಪೂರ್ಣ.

ಪುಣೆಯಲ್ಲಿರುವ ಕನ್ನಡಿಗ ಹಿರಿಯರಿಗೆ ಇಲ್ಲಿ ಇನ್ನೊಂದು ಎಚ್ಚರ. ನೆನಪಿನ ಪರೀಕ್ಷೆಯನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಮಾಡಿದರೆ, ಪ್ರಶ್ನೆ ಅರ್ಥವಾಗದೆ ತಪ್ಪಿದ ಅಂಕವೂ ಮರೆವಿನ ಖಾತೆಗೆ ಹೋಗುತ್ತದೆ. ಐಸಿಎಂಆರ್ ಸಿದ್ಧಪಡಿಸಿರುವ ಅರಿವಿನ ಪರೀಕ್ಷಾ ಸಂಚಿ ಕನ್ನಡದಲ್ಲೂ ಇದೆ. ಊರಿಗೆ ಹೋದಾಗ ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಕನ್ನಡದಲ್ಲೇ ಪರೀಕ್ಷೆ ಕೇಳಿ. ನಡುವೆ ಗಾಬರಿಯಾದರೆ ಟೆಲಿಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡ ಆರಿಸಿಕೊಳ್ಳಬಹುದು. ಆದರೆ ಮೂತ್ರ ಕಟ್ಟಿ ಕೆಳಹೊಟ್ಟೆ ಉಬ್ಬಿದರೆ, ಮಲ ನಿಂತು ವಾಂತಿ ಶುರುವಾದರೆ, ಕಣ್ಣು ಕೆಂಪಾಗಿ ತೀವ್ರ ನೋವಾದರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಈ ವಾರ ಮನೆಯವರು ಮಾಡಬೇಕಾದ ಕೆಲಸ ಒಂದೇ. ಡಬ್ಬಿಯಲ್ಲಿರುವ ಪ್ರತಿ ಗುಳಿಗೆಯ ಕಂಪನಿ ಹೆಸರಲ್ಲ, ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು, ಪ್ರಮಾಣ, ಯಾರು ಬರೆದರು, ಯಾವುದಕ್ಕೆ ಬರೆದರು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ನೆಗಡಿ, ಕೆಮ್ಮು, ತುರಿಕೆ, ನಿದ್ದೆಯ ಗುಳಿಗೆಗಳನ್ನೂ ಬಿಡಬೇಡಿ. ನಿಮ್ಮಷ್ಟಕ್ಕೆ ಏನನ್ನೂ ನಿಲ್ಲಿಸಬೇಡಿ. ಆ ಹಾಳೆಯನ್ನು ಮೂವರು ಡಾಕ್ಟರಿಗೂ ತೋರಿಸಿ, ಇಳಿಸುವ ಜವಾಬ್ದಾರಿ ಅವರಲ್ಲಿ ಒಬ್ಬರು, ಸಾಧ್ಯವಾದರೆ ಮನೋವೈದ್ಯರೇ, ವಹಿಸಿಕೊಳ್ಳಲಿ ಎಂದು ಕೇಳಿ.